ಕುಡಿಯುವ ದಿನ ರಕ್ತ ತೆಳುವಾಗಿಸುವ ಮಾತ್ರೆ ಬಿಟ್ಟರೆ ಸಾಕೇ?

ಪ್ರಶ್ನೆ: ನನಗೆ 58 ವರ್ಷ. ಹೃದಯದ ಬಡಿತ ಏರುಪೇರು ಅಂತ ಒಂದು ವರ್ಷದಿಂದ ರಕ್ತ ತೆಳುವಾಗಿಸುವ ವಾರ್ಫರಿನ್ 5 ಮಿಲಿಗ್ರಾಂ ಮಾತ್ರೆ ದಿನಾ ರಾತ್ರಿ ತಗೋಬೇಕು. ರಕ್ತ ಹೆಪ್ಪುಗಟ್ಟುವ ಹೊತ್ತನ್ನು ತೋರಿಸುವ ಐಎನ್‌ಆರ್ ಪರೀಕ್ಷೆ ಮಾಡಿಸಿದರೆ ಯಾವಾಗಲೂ 2.5ರ ಹತ್ತಿರ ಇರುತ್ತಿತ್ತು. ಶನಿವಾರ ಮಾತ್ರ ಕುಡಿಯುತ್ತೇನೆ, ಆ ರಾತ್ರಿ ಮಾತ್ರೆ ಬಿಡುತ್ತೇನೆ. ಹೋದ ಶನಿವಾರ 60 ಮಿಲಿಯ ನಾಲ್ಕು ಪೆಗ್ ಆಯಿತು, ಆದರೆ ಮಾತ್ರೆ ಬಿಡಲಿಲ್ಲ. ಭಾನುವಾರ ಊಟ ಸೇರಲಿಲ್ಲ, ತಲೆನೋವಿಗೆ ಐಬುಪ್ರೊಫೆನ್ ಎರಡು ನುಂಗಿದೆ. ಸೋಮವಾರ ನೋಡಿದರೆ ತೋಳು, ತೊಡೆ ಮೇಲೆ ನೀಲಿ ಕಲೆ. ಹಲ್ಲುಜ್ಜಿದರೆ ವಸಡಲ್ಲಿ ರಕ್ತ. ಮಂಗಳವಾರ ಐಎನ್‌ಆರ್ 4.3 ಬಂತು. ಮಾತ್ರೆ ಬಿಡದೆ ಇದ್ದದ್ದಕ್ಕೇ ಹೀಗಾಯಿತಾ?

ಉತ್ತರ: ಮೊದಲು ಇವತ್ತಿನ ಕೆಲಸ. 4.3 ಅಂದರೆ ನಿಮಗೆ ಇರಬೇಕಾದ 2ರಿಂದ 3ರ ಮಿತಿಗಿಂತ ಜಾಸ್ತಿ, ಅಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತಿದೆ. ವಸಡಿನ ರಕ್ತ ತಾನಾಗಿ ನಿಲ್ಲುತ್ತಿದ್ದು, ಕಲೆಗಳು ಬೆಳೆಯದೆ ಇದ್ದರೆ ಗಾಬರಿ ಬೇಡ, ಆದರೆ ಸುಮ್ನೆ ಕೂರುವಂತಿಲ್ಲ. ಮಾತ್ರೆ ಬರೆದುಕೊಟ್ಟ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ. ಇಂಥ ಸಂದರ್ಭದಲ್ಲಿ ಅವರು ಸಾಮಾನ್ಯವಾಗಿ ಒಂದು ಡೋಸ್ ತಡೆಹಿಡಿಯುತ್ತಾರೆ, ಇಲ್ಲವೇ ಸ್ವಲ್ಪ ಇಳಿಸುತ್ತಾರೆ. ಕೆಲವೇ ದಿನದಲ್ಲಿ ಮತ್ತೆ ಪರೀಕ್ಷೆ ಮಾಡಿಸುತ್ತಾರೆ. ಅದನ್ನು ಅವರೇ ನಿರ್ಧರಿಸಲಿ. ಐಬುಪ್ರೊಫೆನ್ ಮಾತ್ರ ಇನ್ನು ಮುಟ್ಟಬೇಡಿ.

ಈಗ ನಿಮ್ಮ ಲೆಕ್ಕಾಚಾರಕ್ಕೆ ಬರೋಣ. ಮಾತ್ರೆ ಬಿಟ್ಟಾಗಲೆಲ್ಲ ಏನೂ ಆಗಲಿಲ್ಲ, ಬಿಡದೆ ಇದ್ದಾಗ ಹೀಗಾಯಿತು. ಹಾಗಾಗಿ ಬಿಡುವುದೇ ಸರಿ ಅಂತ ನಿಮಗೆ ಅನಿಸಿದೆ. ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ, ಅಲ್ವಾ? ಆದರೆ ವಾರ್ಫರಿನ್ ಕೆಲಸ ಮಾಡುವ ರೀತಿ ಗೊತ್ತಾದರೆ ಈ ಲೆಕ್ಕ ತಲೆಕೆಳಗಾಗುತ್ತದೆ.

ರಕ್ತ ತೆಳುವಾಗಿಸುವ ಮಾತ್ರೆ ಅಂತ ಹೆಸರಿದ್ದರೂ ಇದು ರಕ್ತವನ್ನು ನೀರಾಗಿಸುವುದಿಲ್ಲ. ರಕ್ತ ಹೆಪ್ಪುಗಟ್ಟಲು ಬೇಕಾದ ಕೆಲವು ಪ್ರೋಟೀನುಗಳನ್ನು ಲಿವರ್ ತಯಾರಿಸುತ್ತದೆ. ಅದಕ್ಕೆ ಕೆ ವಿಟಮಿನ್ ಬೇಕು. ವಾರ್ಫರಿನ್ ಆ ವಿಟಮಿನ್ ಮತ್ತೆ ಮತ್ತೆ ಬಳಕೆಗೆ ಬಾರದಂತೆ ತಡೆಯುತ್ತದೆ. ಹೊಸ ಪ್ರೋಟೀನಿನ ತಯಾರಿಕೆ ಕಡಿಮೆಯಾಗುತ್ತದೆ ಅಷ್ಟೇ, ರಕ್ತದಲ್ಲಿ ಆಗಲೇ ಓಡಾಡುತ್ತಿರುವ ಪ್ರೋಟೀನಿಗೆ ಏನೂ ಆಗುವುದಿಲ್ಲ. ಅವು ತಮ್ಮ ಆಯಸ್ಸು ಮುಗಿದ ಮೇಲೆ ಖಾಲಿಯಾಗುತ್ತವೆ. ಕೆಲವು ಕೆಲವೇ ಗಂಟೆಗಳಲ್ಲಿ ಅರ್ಧಕ್ಕೆ ಇಳಿದರೆ, ಮುಖ್ಯವಾದ ಇನ್ನೊಂದು ಅರ್ಧಕ್ಕೆ ಇಳಿಯಲು ಎರಡು-ಮೂರು ದಿನ ಬೇಕು. ಮಾತ್ರೆಯೂ ದೇಹದಲ್ಲಿ ಅರ್ಧ ಕಡಿಮೆಯಾಗಲು ಸುಮಾರು 40 ಗಂಟೆ ತೆಗೆದುಕೊಳ್ಳುತ್ತದೆ.

ಹಾಗಾದರೆ ಶನಿವಾರ ರಾತ್ರಿ ನಿಮ್ಮ ರಕ್ತ ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆ ಅನ್ನುವುದನ್ನು ನಿರ್ಧರಿಸುವುದು ಬುಧವಾರ, ಗುರುವಾರ, ಶುಕ್ರವಾರ ನುಂಗಿದ ಮಾತ್ರೆಗಳು. ಶನಿವಾರ ರಾತ್ರಿಯದನ್ನು ಬಿಟ್ಟರೆ ಅದರ ಫಲ ಕಾಣುವುದು ಸೋಮವಾರ, ಮಂಗಳವಾರ. ನೀವು ಕುಡಿದು, ಮೆಟ್ಟಿಲು ಇಳಿಯುವಾಗ ಕಾಲು ಜಾರಬಹುದಾದ ಆ ಹೊತ್ತಿನಲ್ಲಿ ಮಾತ್ರೆಯ ಪರಿಣಾಮ ಪೂರ್ತಿ ಇದ್ದೇ ಇರುತ್ತದೆ. ಅಮಲು ಇಳಿದು ಎರಡು ದಿನ ಕಳೆದ ಮೇಲೆ ಮಾತ್ರೆಯ ರಕ್ಷಣೆ ಕಡಿಮೆಯಾಗುತ್ತದೆ. ಅಪಾಯದ ಹೊತ್ತಿಗೆ ಉಪಯೋಗಕ್ಕೆ ಬಾರದೆ, ಬೇಡದ ಹೊತ್ತಿಗೆ ತೊಂದರೆ ಕೊಡುವ ಉಪಾಯ ಇದು.

ಮಾತ್ರೆ ಬಿಟ್ಟಿದ್ದರೆ ಮಂಗಳವಾರ 4.3 ಬರುತ್ತಿರಲಿಲ್ಲವೇನೋ. ಅದನ್ನು ಒಪ್ಪುತ್ತೇನೆ. ಆದರೆ ಇದರ ಹಿಂದೆ ಇನ್ನೊಂದು ಕಥೆ ಇದೆ, ಅದು ಬಹುಶಃ ನಿಮ್ಮ ಡಾಕ್ಟರಿಗೂ ಗೊತ್ತಿಲ್ಲ.

ಅವರು ಬರೆದದ್ದು ದಿನಕ್ಕೆ 5 ಮಿಲಿಗ್ರಾಂ, ಅಂದರೆ ವಾರಕ್ಕೆ 35. ನೀವು ಶನಿವಾರ ಬಿಡುತ್ತಿದ್ದುದರಿಂದ ನಿಜವಾಗಿ ನುಂಗುತ್ತಿದ್ದದ್ದು ವಾರಕ್ಕೆ 30. ನಿಮ್ಮ ಐಎನ್‌ಆರ್ 2.5ರಲ್ಲಿ ನಿಂತದ್ದು ಈ 30ರ ಮೇಲೆ. ಡಾಕ್ಟರು ಮಾತ್ರ "35ಕ್ಕೆ ಚೆನ್ನಾಗಿ ಹೊಂದಿಕೊಂಡಿದೆ" ಅಂತ ಬರೆದುಕೊಂಡಿದ್ದಾರೆ. ಈ ವಾರ ಮಾತ್ರೆ ಬಿಡದೆ ಇದ್ದಾಗ ನಿಮ್ಮ ಡೋಸ್ ನಿಮಗೇ ಗೊತ್ತಿಲ್ಲದೆ 30ರಿಂದ 35ಕ್ಕೆ ಏರಿತು. ಲೆಕ್ಕ ಹಾಕಿದರೆ ಶೇಕಡ 17ರಷ್ಟು ಜಾಸ್ತಿ. ಇದು ಚಿಕ್ಕ ಸಂಗತಿ ಅಲ್ಲ. ಐಎನ್‌ಆರ್ ಸರಿಯಿಲ್ಲದಾಗ ಡಾಕ್ಟರುಗಳು ವಾರದ ಡೋಸನ್ನು ಒಂದು ಸಲಕ್ಕೆ ಏರಿಸುವುದು ಇಳಿಸುವುದು ಸಾಮಾನ್ಯವಾಗಿ ಶೇಕಡ 5ರಿಂದ 20ರ ಒಳಗೆ. ಅವರು ಯೋಚಿಸಿ ಮಾಡುವಷ್ಟು ದೊಡ್ಡ ಬದಲಾವಣೆ ನಿಮ್ಮಲ್ಲಿ ತಾನಾಗಿ ಆಗಿಹೋಯಿತು.

ಇಲ್ಲಿಂದ ಮುಂದೆ ಏನಾಗಬಹುದು ನೋಡಿ. ಡಾಕ್ಟರು 4.3 ನೋಡಿ, ನೀವು 35 ನುಂಗುತ್ತಿದ್ದೀರಿ ಅಂದುಕೊಂಡು ಅದನ್ನು 30ಕ್ಕೆ ಇಳಿಸುತ್ತಾರೆ ಅನ್ನಿ. ನೀವು ಭಯದಲ್ಲಿ ಮುಂದಿನ ಶನಿವಾರದಿಂದ ಮತ್ತೆ ಮಾತ್ರೆ ಬಿಡಲು ಶುರು ಮಾಡುತ್ತೀರಿ. ಈಗ ನಿಮ್ಮ ಹೊಟ್ಟೆಗೆ ಹೋಗುವುದು ವಾರಕ್ಕೆ ಸುಮಾರು 26. ಐಎನ್‌ಆರ್ 2ಕ್ಕಿಂತ ಕೆಳಗೆ ಹೋಗುವ ಸಾಧ್ಯತೆ ಜಾಸ್ತಿ. ನಿಮ್ಮಂಥ ಬಡಿತದ ಏರುಪೇರಿನಲ್ಲಿ ಹೃದಯದ ಮೇಲಿನ ಕೋಣೆ ಸರಿಯಾಗಿ ಹಿಂಡುವುದಿಲ್ಲ. ಅಲ್ಲಿ ರಕ್ತ ನಿಂತು ಗಟ್ಟಿಯಾಗುತ್ತದೆ. ಆ ಹೆಪ್ಪು ಮೆದುಳಿಗೆ ಹೋಗಿ ಸಿಕ್ಕಿಕೊಂಡರೆ ಲಕ್ವ. ಅದನ್ನು ತಡೆಯುವುದಕ್ಕೇ ತಾನೇ ಈ ಮಾತ್ರೆ ಶುರುವಾದದ್ದು? ನೀಲಿ ಕಲೆ ಕಣ್ಣಿಗೆ ಕಾಣುತ್ತದೆ, ಹೆದರಿಸುತ್ತದೆ. ಐಎನ್‌ಆರ್ 1.6 ಆದರೆ ಮೈಮೇಲೆ ಯಾವ ಗುರುತೂ ಇರುವುದಿಲ್ಲ. ಹಾಗಾಗಿ ಫೋನ್ ಮಾಡಿದಾಗ ನೀವು ಹೇಳಬೇಕಾದ ಮೊದಲ ಮಾತು 4.3 ಅಲ್ಲ. "ಡಾಕ್ಟ್ರೇ, ನಾನು ಶನಿವಾರದ ಮಾತ್ರೆ ಬಿಡುತ್ತಿದ್ದೆ, ಹೋದ ವಾರ ಬಿಡಲಿಲ್ಲ" ಅನ್ನುವುದು.

ಇದು ಡೋಸಿನ ಮಾತಾಯಿತು. ಇನ್ನು ಕುಡಿತದ ಪಾಲು.

ವಾರ್ಫರಿನ್ನನ್ನು ಒಡೆದು ಹೊರಹಾಕುವುದು ಲಿವರ್‌ನ ಕಿಣ್ವಗಳು. ಒಂದೇ ಸಲಕ್ಕೆ ಜಾಸ್ತಿ ಕುಡಿದಾಗ ಈ ಕಿಣ್ವಗಳ ಕೆಲಸಕ್ಕೆ ಆಲ್ಕೋಹಾಲ್ ಅಡ್ಡ ಬರುತ್ತದೆ. ಇದನ್ನು ಒಂದೇ ಕೌಂಟರ್ ಇರುವ ಕಚೇರಿ ಅಂದುಕೊಳ್ಳಿ. ದೊಡ್ಡ ಗುಂಪು ನುಗ್ಗಿದರೆ ದಿನಾ ಬರುವವನ ಕೆಲಸ ಬಾಕಿ ಉಳಿಯುತ್ತದೆ. ಹಾಗೆ ವಾರ್ಫರಿನ್ ರಕ್ತದಲ್ಲಿ ಬಾಕಿ ಉಳಿದು, ಐಎನ್‌ಆರ್ ಮುಂದಿನ ಒಂದೆರಡು ದಿನದಲ್ಲಿ ಏರುತ್ತದೆ. ಒಂದೋ ಎರಡೋ ಚಿಕ್ಕ ಪೆಗ್‌ಗೆ ಹೆಚ್ಚಿನವರಲ್ಲಿ ಹೇಳಿಕೊಳ್ಳುವಷ್ಟು ಬದಲಾವಣೆ ಆಗುವುದಿಲ್ಲ. ಗೊಂದಲ ಮಾಡುವುದು ಒಂದೇ ರಾತ್ರಿಯ ದೊಡ್ಡ ಕುಡಿತ.

ಪ್ರತಿದಿನ ಜಾಸ್ತಿ ಕುಡಿಯುವವರಲ್ಲಿ ಇದು ಉಲ್ಟಾ. ದಿನಾ ಹೊರೆ ಬಿದ್ದು ಬಿದ್ದು ಲಿವರ್ ಕಿಣ್ವಗಳನ್ನು ಹೆಚ್ಚಿಸಿಕೊಳ್ಳುತ್ತದೆ. ವಾರ್ಫರಿನ್ ಬೇಗ ಬೇಗ ಖಾಲಿಯಾಗಿ ಐಎನ್‌ಆರ್ ಕೆಳಗಿಳಿಯುತ್ತದೆ, ಡಾಕ್ಟರು ಡೋಸ್ ಏರಿಸುತ್ತಾ ಹೋಗುತ್ತಾರೆ. ಆ ಮನುಷ್ಯ ಒಂದು ದಿನ ಕುಡಿತ ನಿಲ್ಲಿಸಿದರೆ ಹೆಚ್ಚುವರಿ ಕಿಣ್ವಗಳು ಮಾಯವಾಗುತ್ತವೆ, ಏರಿಸಿದ ಡೋಸ್ ಹಾಗೇ ಉಳಿಯುತ್ತದೆ. ಕುಡಿತ ಬಿಟ್ಟ ಮೇಲೆ ರಕ್ತಸ್ರಾವ ಆಯಿತು ಅಂತ ಕೆಲವರು ಬರುವುದು ಹೀಗೆ. ನಿಮ್ಮದು ಆ ಕಥೆ ಅಲ್ಲ. ಆದರೆ ಇದನ್ನು ಓದುವ ಯಾರಾದರೂ ದಿನಾ ಕುಡಿಯುವವರಿದ್ದರೆ, ಒಮ್ಮೆಲೇ ನಿಲ್ಲಿಸುವ ಮುಂಚೆ ಡಾಕ್ಟರಿಗೆ ಹೇಳಲಿ. ಐಎನ್‌ಆರ್ ಪದೇ ಪದೇ ನೋಡಬೇಕಾಗುತ್ತದೆ. ಒಮ್ಮೆಲೇ ಬಿಟ್ಟರೆ ನಡುಕ, ಫಿಟ್ಸ್ ಬರುವ ಅಪಾಯವೂ ಇದೆ.

ವರ್ಷಾನುಗಟ್ಟಲೆ ಕುಡಿದು ಲಿವರ್ ಹಾಳಾದವರದು ಇನ್ನೊಂದು ಹಂತ. ಅವರಲ್ಲಿ ಹೆಪ್ಪುಗಟ್ಟಿಸುವ ಪ್ರೋಟೀನಿನ ತಯಾರಿಕೆಯೇ ಕುಂಠಿತ. ಪ್ಲೇಟ್‌ಲೆಟ್‌ಗಳೂ ಕಡಿಮೆ. ಅನ್ನನಾಳದ ರಕ್ತನಾಳಗಳು ಉಬ್ಬಿ ನಿಂತಿರಬಹುದು. ಅಂಥವರಿಗೆ ಎಷ್ಟು ಕುಡಿಯಬಹುದು ಅನ್ನುವ ಪ್ರಶ್ನೆಯೇ ಇಲ್ಲ.

ನಿಮ್ಮ ಭಾನುವಾರಕ್ಕೆ ಬರೋಣ. ಊಟ ಸೇರಲಿಲ್ಲ ಅಂದಿರಿ. ಸೊಪ್ಪು, ತರಕಾರಿಯಿಂದ ಬರುವ ಕೆ ವಿಟಮಿನ್ ಒಂದು ದಿನ ಒಳಗೆ ಹೋಗಲಿಲ್ಲ. ವಾರ್ಫರಿನ್ ಹಿಡಿತ ಇನ್ನಷ್ಟು ಬಿಗಿಯಾಯಿತು. ಹೀಗೆ ಒಂದು ಹೆಚ್ಚುವರಿ ಮಾತ್ರೆ, ನಾಲ್ಕು ಪೆಗ್, ಖಾಲಿ ಹೊಟ್ಟೆ ಮೂರೂ ಒಂದೇ ದಿಕ್ಕಿಗೆ ತಳ್ಳಿದವು. 4.3ಕ್ಕೆ ಇಷ್ಟು ಸಾಕು.

ಐಬುಪ್ರೊಫೆನ್ ಮಾತ್ರ ಬೇರೆ ದಾರಿಯಲ್ಲಿ ಬಂದ ತೊಂದರೆ. ನನ್ನ ಪ್ರಕಾರ ನಿಮ್ಮ ಇಡೀ ಕಥೆಯಲ್ಲಿ ಅತಿ ಹೆಚ್ಚು ಅಪಾಯದ್ದು ಅದೇ. ಗಾಯವಾದಾಗ ಮೊದಲು ಓಡಿ ಬಂದು ತೂತು ಮುಚ್ಚುವುದು ಪ್ಲೇಟ್‌ಲೆಟ್. ಆಮೇಲೆ ಪ್ರೋಟೀನುಗಳು ಬಂದು ಅದನ್ನು ಗಟ್ಟಿ ಮಾಡುತ್ತವೆ. ವಾರ್ಫರಿನ್ ಎರಡನೆಯ ಕೆಲಸವನ್ನು ಮಾತ್ರ ನಿಧಾನ ಮಾಡುತ್ತದೆ, ಮೊದಲನೆಯದು ಸರಿಯಾಗಿ ನಡೆಯುತ್ತಿರುತ್ತದೆ. ನೀವು ಐಬುಪ್ರೊಫೆನ್ ನುಂಗಿ ಪ್ಲೇಟ್‌ಲೆಟ್‌ಗಳನ್ನೂ ಮಂಕು ಮಾಡಿದಿರಿ. ಜಾಸ್ತಿ ಕುಡಿದಾಗ ಆಲ್ಕೋಹಾಲ್ ಕೂಡ ಅವನ್ನು ಸ್ವಲ್ಪ ಮಂಕು ಮಾಡುತ್ತದೆ. ಐಎನ್‌ಆರ್ ಪರೀಕ್ಷೆ ಪ್ಲೇಟ್‌ಲೆಟ್ ಕೆಲಸವನ್ನು ಅಳೆಯುವುದೇ ಇಲ್ಲ. ಹಾಗಾಗಿ ಕಾಗದದ ಮೇಲೆ 4.3 ಇದ್ದರೂ, ನಿಮ್ಮ ದೇಹದಲ್ಲಿ ರಕ್ತ ಸೋರುವ ಸಾಧ್ಯತೆ ಆ ಸಂಖ್ಯೆ ಹೇಳುವುದಕ್ಕಿಂತ ಜಾಸ್ತಿ ಇತ್ತು. ನಿಮ್ಮ ಕಲೆಗಳಿಗೆ ಏರಿದ ಐಎನ್‌ಆರ್, ಮಂಕಾದ ಪ್ಲೇಟ್‌ಲೆಟ್ ಎರಡೂ ಸೇರಿ ಕಾರಣ.

ಹೊಟ್ಟೆಯ ಕಡೆ ಇನ್ನೂ ಕೆಟ್ಟದ್ದು. ಹೊಟ್ಟೆಯ ಒಳಗೋಡೆಗೆ ಆಮ್ಲದಿಂದ ಕಾಪಾಡುವ ಒಂದು ಪದರ ಇರುತ್ತದೆ. ಆಲ್ಕೋಹಾಲ್ ಅದನ್ನು ಕೆರಳಿಸುತ್ತದೆ. ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ಜಾತಿಯ ಮಾತ್ರೆಗಳು ಆ ಪದರವನ್ನು ಮತ್ತೆ ಕಟ್ಟುವ ಕೆಲಸವನ್ನೇ ನಿಲ್ಲಿಸುತ್ತವೆ. ಅಲ್ಲಿ ಚಿಕ್ಕ ಹುಣ್ಣಾದರೂ ವಾರ್ಫರಿನ್ ಇರುವವರಲ್ಲಿ ರಕ್ತ ಬೇಗ ನಿಲ್ಲದು. ಕುಡಿದ ಮಾರನೆ ದಿನದ ತಲೆನೋವಿಗೆ ಕೈಗೆ ಸಿಕ್ಕ ಮಾತ್ರೆ ನುಂಗುವುದು ಎಲ್ಲರ ಅಭ್ಯಾಸ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಿಗೆ ಕುಡಿತಕ್ಕಿಂತ ಆ ಮಾತ್ರೆ ದೊಡ್ಡ ಏಟು ಕೊಡಬಹುದು.

"ಪ್ಯಾರಾಸಿಟಮಾಲ್ ಆದರೆ?" ಅಂತ ಕೇಳುತ್ತೀರಿ. ಹೋಲಿಸಿದರೆ ಅದೇ ವಾಸಿ, ಹೊಟ್ಟೆ ಕೆರೆಯುವುದಿಲ್ಲ, ಪ್ಲೇಟ್‌ಲೆಟ್‌ಗೆ ತೊಂದರೆ ಕೊಡುವುದಿಲ್ಲ. 500 ಮಿಲಿಗ್ರಾಂನದು ಒಂದು ನುಂಗಿದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಆದರೆ ದಿನಕ್ಕೆ ನಾಲ್ಕು ಅಥವಾ ಜಾಸ್ತಿ ಮಾತ್ರೆಯಂತೆ ಕೆಲವು ದಿನ ನುಂಗಿದರೆ ಅದೂ ಐಎನ್‌ಆರ್ ಏರಿಸುತ್ತದೆ. ದಿನಾ ಕುಡಿಯುವವರ ಲಿವರ್‌ಗೆ ಅದು ಬೇರೆಯೇ ಕಾಟ ಕೊಡುತ್ತದೆ.

ಈಗ ಆ ನೀಲಿ ಕಲೆಗಳನ್ನು ಸರಿಯಾಗಿ ನೋಡಿ. ಹಗಲು ಬೆಳಕಿನಲ್ಲಿ, ಬೆರಳಿಂದ ಮುಟ್ಟಿ ನೋಡಿ. ಮೆತ್ತಗಿದೆಯಾ, ಚರ್ಮದ ಮಟ್ಟಕ್ಕೇ ಇದೆಯಾ? ನೀಲಿ, ನೇರಳೆಯಿಂದ ಕೆಲವು ದಿನಕ್ಕೆ ಹಸಿರು, ಆಮೇಲೆ ಹಳದಿಗೆ ತಿರುಗುತ್ತಾ ಎರಡು ವಾರದಲ್ಲಿ ಮಾಯವಾದರೆ ಅದು ಚರ್ಮದ ಕೆಳಗೆ ಸೋರಿದ ರಕ್ತ ಕರಗುತ್ತಿರುವ ಗುರುತು. ತೋಳಿನದು ಬಹುಶಃ ಬಾಗಿಲಿಗೋ ಕುರ್ಚಿಗೋ ತಾಗಿದ್ದು, ಅಮಲಿನಲ್ಲಿ ನೆನಪಿಲ್ಲ ಅಷ್ಟೇ. ಒಂದು ಸುಲಭ ಉಪಾಯ ಹೇಳುತ್ತೇನೆ. ಪೆನ್ನಿನಿಂದ ಕಲೆಯ ಅಂಚಿನ ಸುತ್ತ ಗೆರೆ ಎಳೆಯಿರಿ, ಪಕ್ಕದಲ್ಲಿ ಗಂಟೆ ಬರೆಯಿರಿ. ಆರು ಗಂಟೆ ಬಿಟ್ಟು ನೋಡಿ. ಬಣ್ಣ ಗೆರೆ ದಾಟಿದ್ದರೆ ಒಳಗೆ ಇನ್ನೂ ರಕ್ತ ಸೋರುತ್ತಿರಬಹುದು, ಅವತ್ತೇ ತೋರಿಸಬೇಕು. ಒಂದು ವಿಷಯ ನೆನಪಿರಲಿ. ಹಳೆಯ ಕಲೆಯ ಬಣ್ಣ ಭಾರಕ್ಕೆ ಕೆಳಗಡೆ ಜಾರುವುದುಂಟು. ಕೆಳಗೆ ಮಾತ್ರ ತೆಳುವಾಗಿ ಹರಡಿ, ಮೇಲೆ ಮಾಸುತ್ತಿದ್ದರೆ ಅದು ಹೊಸ ರಕ್ತ ಅಲ್ಲ.

ತೊಡೆಯದ್ದನ್ನು ನಾನು ಇನ್ನೂ ಗಮನವಿಟ್ಟು ನೋಡಲು ಹೇಳುತ್ತೇನೆ. ತೊಡೆಯ ಮಾಂಸದೊಳಗೆ ತುಂಬಾ ರಕ್ತ ಹಿಡಿಸುತ್ತದೆ, ಹೊರಗೆ ಕಾಣುವುದು ಸ್ವಲ್ಪವೇ. ಒತ್ತಿದರೆ ಗಟ್ಟಿಯಾದ ಗಡ್ಡೆ ಸಿಕ್ಕರೆ, ಇನ್ನೊಂದು ತೊಡೆಗಿಂತ ದಪ್ಪವಾಗಿದ್ದರೆ, ಚರ್ಮ ಬಿಗಿದು ಹೊಳೆಯುತ್ತಿದ್ದರೆ, ಪಾದ ಜೋಮು ಹಿಡಿದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಏಟೇ ಬೀಳದೆ ಹೊಟ್ಟೆ, ಬೆನ್ನಿನ ಮೇಲೆ ಕಲೆ ಬಂದರೂ ಅಷ್ಟೇ. ಕಾಲಿನ ಮೇಲೆ ಸೂಜಿಮೊನೆಯಷ್ಟು ಚಿಕ್ಕ ಕೆಂಪು ಚುಕ್ಕೆಗಳು ಗುಂಪಾಗಿ ಕಂಡರೆ ಅದು ಪ್ಲೇಟ್‌ಲೆಟ್ ಕಡಿಮೆಯಾದ ಗುರುತಿರಬಹುದು. ಐಎನ್‌ಆರ್ ಜೊತೆ ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಎಣಿಕೆ, ಲಿವರ್ ಪರೀಕ್ಷೆ ಮಾಡಿಸಿಲ್ಲದಿದ್ದರೆ ಈ ಸಲ ಮಾಡಿಸಿ ಅಂತ ಡಾಕ್ಟರನ್ನು ಕೇಳಿ.

ಇನ್ನೊಂದು ಕಡೆ ನೋಡಲು ಜನ ಸಂಕೋಚಪಡುತ್ತಾರೆ. ಈ ವಾರ ಮಲದ ಬಣ್ಣ ನೋಡಿ. ಹೊಟ್ಟೆಯೊಳಗೆ ರಕ್ತ ಸೋರಿದರೆ ಅದು ಸಾಮಾನ್ಯವಾಗಿ ಕೆಂಪಾಗಿ ಬರುವುದಿಲ್ಲ, ಜೀರ್ಣವಾಗಿ ಡಾಂಬರಿನಂತೆ ಕಪ್ಪಾಗಿ, ಅಂಟಂಟಾಗಿ, ವಿಪರೀತ ನಾತದೊಂದಿಗೆ ಬರುತ್ತದೆ. ಕಬ್ಬಿಣದ ಮಾತ್ರೆ ತಗೊಳ್ಳುವವರಿಗೂ ಕಪ್ಪಾಗುತ್ತದೆ, ಆದರೆ ಅದು ಹೀಗೆ ಅಂಟುವುದಿಲ್ಲ. ಡಾಂಬರಿನಂಥ ಮಲ, ಕಾಫಿ ಪುಡಿಯಂಥ ವಾಂತಿ, ಎದ್ದು ನಿಂತರೆ ಕಣ್ಣು ಕತ್ತಲೆ, ಇವುಗಳಲ್ಲಿ ಯಾವುದೇ ಒಂದಿದ್ದರೂ ಫೋನ್ ಬೇಡ, ನೇರವಾಗಿ ತುರ್ತು ವಿಭಾಗಕ್ಕೆ ಹೋಗಿ. ಮೂತ್ರ ಕೆಂಪಾದರೂ ಅವತ್ತೇ ತೋರಿಸಿ.

ಇದೆಲ್ಲ ನಿಮಗೆ. ಮುಂದಿನದನ್ನು ನಿಮ್ಮ ಮನೆಯವರಿಗೆ ಓದಿ ಹೇಳಿ, ಯಾಕೆಂದರೆ ಆ ಹೊತ್ತಿನಲ್ಲಿ ಅದು ನಿಮಗೆ ತಿಳಿಯುವುದಿಲ್ಲ.

ಮದ್ಯ ಮತ್ತು ಈ ಮಾತ್ರೆ ಸೇರಿದಾಗ ನಾವು ಡಾಕ್ಟರುಗಳು ಎಲ್ಲಕ್ಕಿಂತ ಹೆದರುವುದು ತಲೆಗೆ ಬೀಳುವ ಏಟಿಗೆ. ವಯಸ್ಸಾದಂತೆ ಮೆದುಳು ಸ್ವಲ್ಪ ಕುಗ್ಗುತ್ತದೆ, ವರ್ಷಗಟ್ಟಲೆ ಜಾಸ್ತಿ ಕುಡಿದರೆ ಇನ್ನಷ್ಟು ಕುಗ್ಗುತ್ತದೆ. ಮೆದುಳಿನಿಂದ ಅದರ ಹೊರಗಿನ ಹೊದಿಕೆಗೆ ಹೋಗುವ ಸಣ್ಣ ರಕ್ತನಾಳಗಳು ಆಗ ಎಳೆದು ಬಿಗಿಯಾಗಿರುತ್ತವೆ. ಅಮಲಿನಲ್ಲಿ ಬಚ್ಚಲಲ್ಲಿ ಜಾರಿ ತಲೆ ಗೋಡೆಗೆ ತಗುಲಿದರೆ ಸಾಕು, ಅದರಲ್ಲೊಂದು ಹರಿಯಬಹುದು. ಸಾಮಾನ್ಯರಲ್ಲಿ ಬೇಗ ನಿಲ್ಲಬಹುದಾದ ಸೋರಿಕೆ ಈ ಮಾತ್ರೆ ಇರುವವರಲ್ಲಿ ನಿಲ್ಲದೆ ಹನಿಹನಿಯಾಗಿ ಮುಂದುವರಿಯಬಹುದು.

ಇದರ ಲಕ್ಷಣಗಳೇನು? ಮಾತು ತೊದಲುವುದು. ನಡಿಗೆ ತೂರಾಡುವುದು. ವಾಂತಿ. ತೂಕಡಿಕೆ, ಎಬ್ಬಿಸಿದರೂ ಏಳದಿರುವುದು. ಅಸಂಬದ್ಧ ಮಾತು. ಈ ಪಟ್ಟಿ ಓದಿದರೆ ಕುಡಿದವರ ವರ್ಣನೆ ಅನಿಸುತ್ತದೆ, ಅಲ್ವಾ? ಸಮಸ್ಯೆ ಅದೇ. "ಜಾಸ್ತಿ ಆಗಿದೆ, ಮಲಗಲಿ, ಬೆಳಿಗ್ಗೆ ಸರಿಹೋಗುತ್ತಾರೆ" ಅಂತ ಹೊದಿಸಿ ದೀಪ ಆರಿಸುತ್ತಾರೆ. ಬೆಳಗಾಗುವ ಹೊತ್ತಿಗೆ ತಡವಾಗಿರುತ್ತದೆ.

ಹಾಗಾಗಿ ಮನೆಯವರಿಗೆ ನಿಯಮ ಒಂದೇ ಸಾಕು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಕುಡಿದು ಬಿದ್ದು ತಲೆಗೆ ಏಟಾದರೆ, ಚೆನ್ನಾಗಿ ಮಾತಾಡುತ್ತಿದ್ದರೂ, ಉಬ್ಬು ಚಿಕ್ಕದಿದ್ದರೂ, ಅವರೇ "ಏನಿಲ್ಲ ಬಿಡು" ಅಂದರೂ ಆ ರಾತ್ರಿಯೇ ಆಸ್ಪತ್ರೆಗೆ ಕರೆದೊಯ್ಯಬೇಕು. ಅಲ್ಲಿ ಬಾಗಿಲಲ್ಲೇ ಮಾತ್ರೆಯ ಹೆಸರು ಹೇಳಬೇಕು. ಸಿಟಿ ಸ್ಕ್ಯಾನ್ ಬೇಕೋ ಬೇಡವೋ ಅನ್ನುವ ಅವರ ತೀರ್ಮಾನ ಆ ಒಂದು ಹೆಸರಿನ ಮೇಲೆ ಬದಲಾಗುತ್ತದೆ. ರಕ್ತ ಸೋರಿರುವುದು ಗೊತ್ತಾದರೆ ವಾರ್ಫರಿನ್ ಪರಿಣಾಮ ತಿರುಗಿಸಲು ದಾರಿ ಇದೆ. ಕೆ ವಿಟಮಿನ್ ಇಂಜೆಕ್ಷನ್ ಜೊತೆ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನೇ ರಕ್ತನಾಳಕ್ಕೆ ಕೊಡುತ್ತಾರೆ. ಆದರೆ ಅದನ್ನು ಬೇಗ ಶುರು ಮಾಡಬೇಕು.

ಬಿದ್ದದ್ದನ್ನು ಯಾರೂ ನೋಡಿಲ್ಲದಿದ್ದರೆ? ಅಮಲು ಗಂಟೆ ಗಂಟೆಗೂ ಇಳಿಯುತ್ತದೆ, ಮೆದುಳಿನ ಸೋರಿಕೆ ಗಂಟೆ ಗಂಟೆಗೂ ಏರುತ್ತದೆ. ಕುಡಿಯುವುದು ನಿಲ್ಲಿಸಿ ಎರಡು ಮೂರು ಗಂಟೆಯಾದ ಮೇಲೂ ಮಾತು ಇನ್ನಷ್ಟು ತೊದಲಿದರೆ, ಎಬ್ಬಿಸುವುದು ಇನ್ನಷ್ಟು ಕಷ್ಟವಾದರೆ, ಒಂದು ಕೈ ಮಾತ್ರ ಸೋತಂತಿದ್ದರೆ ಅದನ್ನು ಅಮಲು ಅನ್ನಬೇಡಿ. ಕೆಲವರಲ್ಲಿ ಸೋರಿಕೆ ಎಷ್ಟು ನಿಧಾನ ಅಂದರೆ ಲಕ್ಷಣ ಬರುವುದು ಎರಡು ಮೂರು ವಾರದ ನಂತರ. ದಿನಾ ಹೆಚ್ಚುವ ತಲೆನೋವು, ಮಂಕು, ನಡೆಯುವಾಗ ಒಂದು ಕಡೆ ವಾಲುವುದು. ಅಷ್ಟೊತ್ತಿಗೆ ಆ ಬಿದ್ದ ಘಟನೆ ಎಲ್ಲರಿಗೂ ಮರೆತೇ ಹೋಗಿರುತ್ತದೆ. ಹೋದ ಶನಿವಾರ ನೀವು ಬಿದ್ದಿದ್ದೀರಾ ಅಂತ ಜೊತೆಗಿದ್ದವರನ್ನು ಕೇಳಿ. ತೋಳಿನ, ತೊಡೆಯ ಕಲೆಗಳು ಒಂದೇ ಪಕ್ಕಕ್ಕಿದ್ದರೆ ಇದನ್ನು ಖಂಡಿತ ಕೇಳಲೇಬೇಕು. ತಲೆಗೆ ಏಟಾಗಿತ್ತು ಅಂತ ಗೊತ್ತಾದರೆ ಡಾಕ್ಟರಿಗೆ ಅದನ್ನೂ ಇವತ್ತೇ ಹೇಳಿ.

"ಹಾಗಾದರೆ ಎಷ್ಟು ಕುಡಿಯಬಹುದು?" ಇದನ್ನು ನೀವು ಕೇಳಿಲ್ಲ, ಆದರೆ ಮುಂದಿನ ಪ್ರಶ್ನೆ ಅದೇ ಅಂತ ಗೊತ್ತು. ಪೆಗ್ ಲೆಕ್ಕ ಬಿಟ್ಟು ಒಳಗಿರುವ ಆಲ್ಕೋಹಾಲ್ ಲೆಕ್ಕ ಹಾಕಿ. ಎಷ್ಟು ಮಿಲಿ ಅನ್ನುವುದನ್ನು ಬಾಟಲಿ ಮೇಲಿನ ಶೇಕಡದಿಂದ ಗುಣಿಸಿ 100ರಿಂದ ಭಾಗಿಸಿ, ಆಮೇಲೆ 0.8ರಿಂದ ಗುಣಿಸಿ. ಗ್ರಾಂ ಸಿಗುತ್ತದೆ. ಶೇಕಡ 40ರ ವಿಸ್ಕಿ 60 ಮಿಲಿಯಲ್ಲಿ ಸುಮಾರು 19 ಗ್ರಾಂ. ನಿಮ್ಮ ನಾಲ್ಕು ಪೆಗ್ ಅಂದರೆ ಸುಮಾರು 77 ಗ್ರಾಂ. "ಬಿಯರ್ ತಾನೇ" ಅನ್ನುವವರಿಗೆ ಹೇಳುವುದಾದರೆ, ಶೇಕಡ 8ರ ಸ್ಟ್ರಾಂಗ್ ಬಿಯರ್ 500 ಮಿಲಿಯಲ್ಲಿ 32 ಗ್ರಾಂ ಇರುತ್ತದೆ, ಒಂದೂವರೆ ದೊಡ್ಡ ಪೆಗ್‌ಗಿಂತ ಜಾಸ್ತಿ.

ಐಎನ್‌ಆರ್ ಸ್ಥಿರವಾಗಿದ್ದು, ಲಿವರ್ ಚೆನ್ನಾಗಿದ್ದು, ಹಿಂದೆ ರಕ್ತಸ್ರಾವ ಆಗಿಲ್ಲದವರಿಗೆ ಅಪರೂಪಕ್ಕೊಮ್ಮೆ, ಊಟದ ಜೊತೆ, 10ರಿಂದ 20 ಗ್ರಾಂ ಒಳಗೆ ಕುಡಿದರೆ ಹೆಚ್ಚಿನ ಡಾಕ್ಟರುಗಳು ಅಡ್ಡಿ ಮಾಡುವುದಿಲ್ಲ. ನಿಮಗೆ ಸದ್ಯಕ್ಕೆ ಅದೂ ಬೇಡ ಅನ್ನುತ್ತೇನೆ. ಎರಡು ಮೂರು ಸಲ ಐಎನ್‌ಆರ್ ಮತ್ತೆ ಮಿತಿಯೊಳಗೆ ಬರಲಿ, ನಿಜವಾಗಿ ನುಂಗುವ ಡೋಸ್ ಯಾವುದು ಅನ್ನುವುದು ನಿಕ್ಕಿಯಾಗಲಿ. ಹೊಟ್ಟೆಹುಣ್ಣಿನಿಂದ ರಕ್ತ ಹೋದವರು, ಮೆದುಳಿನಲ್ಲಿ ಹಿಂದೆ ರಕ್ತ ಸೋರಿದವರು, ಪದೇ ಪದೇ ಬೀಳುವವರು, ವಾರ್ಫರಿನ್ ಜೊತೆ ಆಸ್ಪಿರಿನ್ ಅಥವಾ ಕ್ಲೋಪಿಡೊಗ್ರೆಲ್ ಕೂಡ ತಗೊಳ್ಳುವವರು ಪೂರ್ತಿ ಬಿಡುವುದೇ ಒಳ್ಳೆಯದು. ವಾರಕ್ಕೆ ಎಂಟು ಡ್ರಿಂಕ್ ಅಥವಾ ಅದಕ್ಕಿಂತ ಜಾಸ್ತಿ ಆದರೆ ರಕ್ತಸ್ರಾವದ ಅಪಾಯ ಅಳೆಯಲು ಡಾಕ್ಟರುಗಳು ಬಳಸುವ ಅಂಕಪಟ್ಟಿಯಲ್ಲಿ ಒಂದು ಅಂಕ ಸೇರುತ್ತದೆ. ಅಲ್ಲಿ ಒಂದು ಡ್ರಿಂಕ್ ಅಂದರೆ ನಿಮ್ಮ ಒಂದು ದೊಡ್ಡ ಪೆಗ್ ಅಲ್ಲ, ಅದಕ್ಕಿಂತ ಕಡಿಮೆ.

ನಿಮ್ಮ ಕಾಯಿಲೆಗೇ ಸಂಬಂಧಪಟ್ಟ ಇನ್ನೊಂದು ಮಾತೂ ಇದೆ. ಹೃದಯದ ಬಡಿತದ ಈ ಏರುಪೇರನ್ನು ಕೆರಳಿಸುವುದರಲ್ಲಿ ಮದ್ಯದ ಪಾಲು ದೊಡ್ಡದು. 2020ರಲ್ಲಿ ಆಸ್ಟ್ರೇಲಿಯಾದಲ್ಲಿ ಇಂಥ 140 ಮಂದಿಯನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನ ಪ್ರಕಟವಾಯಿತು. ಕುಡಿತ ಮುಂದುವರಿಸಿದವರಲ್ಲಿ ಶೇಕಡ 73 ಮಂದಿಗೆ ಏರುಪೇರು ಮರುಕಳಿಸಿತು, ಬಿಡಲು ಹೇಳಿದ ಗುಂಪಿನಲ್ಲಿ ಶೇಕಡ 53 ಮಂದಿಗೆ. ರಕ್ತಸ್ರಾವದ ಚಿಂತೆ ಪಕ್ಕಕ್ಕಿಟ್ಟರೂ, ನಿಮ್ಮ ಹೃದಯಕ್ಕೆ ಶನಿವಾರ ಒಳ್ಳೆಯದು ಮಾಡುತ್ತಿಲ್ಲ.

ಕೆಲವರು "ಐಎನ್‌ಆರ್ ತಲೆನೋವಿಲ್ಲದ ಹೊಸ ಮಾತ್ರೆಗೆ ಬದಲಾದರೆ?" ಅನ್ನುತ್ತಾರೆ. ಅಪಿಕ್ಸಬಾನ್, ರಿವರೋಕ್ಸಬಾನ್, ಡಾಬಿಗಟ್ರಾನ್ ಇತ್ಯಾದಿ. ಡಾಕ್ಟರನ್ನು ಕೇಳಬಹುದಾದ ಪ್ರಶ್ನೆಯೇ ಅದು. ಹೃದಯದಲ್ಲಿ ಕೃತಕ ಲೋಹದ ಕವಾಟ ಇರುವವರಿಗೆ ಇವು ಆಗುವುದಿಲ್ಲ. ಊಟ, ಮದ್ಯದಿಂದ ಇವುಗಳ ಪರಿಣಾಮ ವಾರ್ಫರಿನ್‌ನಷ್ಟು ಏರಿಳಿಯುವುದಿಲ್ಲ. ಆದರೆ ಬೀಳುವುದು, ಹೊಟ್ಟೆ ಕೆರಳುವುದು, ನೋವಿನ ಮಾತ್ರೆಯ ಕಾಟ ಎಲ್ಲವೂ ಹಾಗೇ ಇರುತ್ತವೆ. ಮಾತ್ರೆ ಬಿಡುವ ಅಭ್ಯಾಸ ಇರುವವರಿಗಂತೂ ಇವು ವಾರ್ಫರಿನ್‌ಗಿಂತ ಕಷ್ಟ. ಸುಮಾರು ಅರ್ಧ ದಿನಕ್ಕೆ ಅರ್ಧ ಪರಿಣಾಮ ಹೋಗುತ್ತದೆ. ಒಂದು ದಿನ ಬಿಟ್ಟರೆ ರಕ್ಷಣೆಯೇ ಇಲ್ಲದ ಹಾಗೆ.

ಕೊನೆಯದಾಗಿ, ಮುಂದೆ ಎಂದಾದರೂ ಕುಡಿದು ಮಾತ್ರೆ ನುಂಗಿದೆನೋ ಇಲ್ಲವೋ ನೆನಪಾಗದಿದ್ದರೆ ಅಂದಾಜಿನ ಮೇಲೆ ಮತ್ತೊಂದು ನುಂಗಬೇಡಿ. ವಾರದ ದಿನಗಳ ಹೆಸರು ಬರೆದ ಮಾತ್ರೆ ಡಬ್ಬಿ ಇಟ್ಟುಕೊಂಡರೆ ಶನಿವಾರದ ಗೂಡು ಖಾಲಿಯೋ ಅಲ್ಲವೋ ನೋಡಿದರೆ ಗೊತ್ತಾಗುತ್ತದೆ. ಮರೆತದ್ದು ಅದೇ ದಿನ ನೆನಪಾದರೆ ಆಗಲೇ ನುಂಗಿ. ಮಾರನೆ ದಿನ ನೆನಪಾದರೆ ಅದನ್ನು ಬಿಟ್ಟು ಆ ದಿನದ್ದನ್ನು ಮಾತ್ರ ನುಂಗಿ, ಎರಡು ಸೇರಿಸಬೇಡಿ. ಬಿಟ್ಟುಹೋದ ದಿನಾಂಕವನ್ನು ಐಎನ್‌ಆರ್ ಬರೆದಿಡುವ ಪುಸ್ತಕದಲ್ಲೇ ಬರೆದಿಡಿ. ಹಿಂದಿನ ದಿನ ಎಷ್ಟು ಕುಡಿದಿರಿ ಅನ್ನುವುದನ್ನೂ ಅದರ ಪಕ್ಕದಲ್ಲಿ ಗ್ರಾಂ ಲೆಕ್ಕದಲ್ಲಿ ಬರೆದರೆ, ಮುಂದಿನ ಸಲ ಸಂಖ್ಯೆ ಏರಿದಾಗ ಅಥವಾ ಇಳಿದಾಗ ಡಾಕ್ಟರು ಡೋಸ್ ಬದಲಿಸಬೇಕೋ ಬೇಡವೋ ಅನ್ನುವುದನ್ನು ಅದನ್ನು ನೋಡಿಯೇ ಹೇಳಬಲ್ಲರು.